ಮಗಳ ರಾಜ್ಯ ಮಟ್ಟದ ಆಯ್ಕೆಗೆ ರಜೆ ಮತ್ತು ಸಹಕಾರ ಕೇಳಿ ಪತ್ರ: ಹೇಗೆ ಬರೆಯಲಿ?

ಓಟಗಾರ್ತಿಯ ಅಪ್ಪ

ಎಲ್ಲರಿಗೂ ನಮಸ್ಕಾರ. ಮಗಳು 9ನೇ ತರಗತಿ, ರಾಜ್ಯ ಪಠ್ಯಕ್ರಮದ ಖಾಸಗಿ ಶಾಲೆ. 600 ಮೀಟರ್ ಓಟ ಮತ್ತು ಉದ್ದ ಜಿಗಿತದಲ್ಲಿ ರಾಜ್ಯ ಮಟ್ಟದ ಆಯ್ಕೆ ಕೂಟಕ್ಕೆ ಹೋಗುತ್ತಿದ್ದಾಳೆ. ಕೂಟ ಶುಕ್ರವಾರದಿಂದ ಭಾನುವಾರದವರೆಗೆ. ಗುರುವಾರ ಮಧ್ಯಾಹ್ನ ಅಲ್ಲಿ ಹಾಜರಿ ಕೊಟ್ಟು ಎದೆ ನಂಬರ್ ತೆಗೆದುಕೊಳ್ಳಬೇಕು. ತೊಂದರೆ ಏನೆಂದರೆ ಅದೇ ವಾರ ಮಧ್ಯಾವಧಿ ಪರೀಕ್ಷೆ. ಗುರುವಾರ ವಿಜ್ಞಾನ, ಶುಕ್ರವಾರ ಗಣಿತ, ಶನಿವಾರ ಹಿಂದಿ, ಸೋಮವಾರ ಸಮಾಜ.

ಪ್ರಾಂಶುಪಾಲರಿಗೆ ಬರೆದ ಪತ್ರ ಇದು. ಇನ್ನೂ ಕೊಟ್ಟಿಲ್ಲ.

> ಮಾನ್ಯರೇ, ನನ್ನ ಮಗಳು ರಾಜ್ಯ ಮಟ್ಟದ ಕ್ರೀಡಾಕೂಟಕ್ಕೆ ಆಯ್ಕೆಯಾಗಿದ್ದು, ಇದು ನಮ್ಮ ಕುಟುಂಬಕ್ಕೂ ತಮ್ಮ ಶಾಲೆಗೂ ಹೆಮ್ಮೆಯ ವಿಷಯವಾಗಿದೆ. ಆದ್ದರಿಂದ ಅವಳಿಗೆ ಕೆಲವು ದಿನಗಳ ರಜೆ ಮಂಜೂರು ಮಾಡಿ, ಎಲ್ಲ ರೀತಿಯ ಸಹಕಾರ ನೀಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಇಷ್ಟು ಸಾಕಾ? ಇನ್ನೇನಾದರೂ ಸೇರಿಸಬೇಕಾ?

---

ಸಿಬಿಎಸ್‌ಇ ಅಮ್ಮ

ಅಭಿನಂದನೆ ಸರ್! ಹಾಜರಾತಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 75% ಕಡ್ಡಾಯ ನಿಜ, ಆದರೆ ಕ್ರೀಡಾಪಟುಗಳಿಗೆ ವಿನಾಯಿತಿ ಇದೆ. ಪರೀಕ್ಷೆಯನ್ನೂ ಬೇರೆ ದಿನ ಮಾಡಿಕೊಡಲೇಬೇಕು ಅಂತ ನಿಯಮವೇ ಇದೆ. ಅದನ್ನು ಪತ್ರದಲ್ಲಿ ಹಾಕಿ, ಶಾಲೆಯವರು ಏನೂ ಮಾತಾಡುವ ಹಾಗಿಲ್ಲ.

---

ನಿವೃತ್ತ ಮುಖ್ಯ ಶಿಕ್ಷಕಿ

ಅಮ್ಮಾ, ನೀವು ಹೇಳಿದ್ದರಲ್ಲಿ ಅರ್ಧ ಸರಿ. ಆದರೆ ಅದು ಇವರಿಗೆ ಅನ್ವಯಿಸುವುದಿಲ್ಲ.

ಆ ವಿನಾಯಿತಿ ಸಿಬಿಎಸ್‌ಇಯದ್ದು. ಅಲ್ಲೂ ಅವರು ಬರೆದಿರುವುದು ರಾಷ್ಟ್ರೀಯ ಮತ್ತು ಅಂತರರಾಷ್ಟ್ರೀಯ ಮಟ್ಟದ ಕ್ರೀಡೆ ಎಂದು. ವಿಶೇಷ ಪರೀಕ್ಷೆಯ ಸೌಲಭ್ಯ ಇರುವುದು ಬೋರ್ಡ್ ಪರೀಕ್ಷೆಗೆ, ಅದೂ ಕ್ರೀಡಾ ಪ್ರಾಧಿಕಾರದ ಶಿಫಾರಸು ಇದ್ದರೆ. ರಾಜ್ಯ ಪಠ್ಯಕ್ರಮದ 9ನೇ ತರಗತಿ ಹುಡುಗಿಯ ಅಪ್ಪ ಅದನ್ನು ಪತ್ರದಲ್ಲಿ ಹಾಕಿದರೆ ಪ್ರಾಂಶುಪಾಲರು ಓದಿದ ತಕ್ಷಣ "ಇದು ನಮಗಲ್ಲ" ಅಂತ ಬದಿಗಿಡುತ್ತಾರೆ. ಆಮೇಲೆ ಉಳಿದ ಮಾತೂ ಕೇಳುವುದಿಲ್ಲ.

ನಿಮ್ಮ ವಿಷಯದಲ್ಲಿ ಒಳ್ಳೆಯದು ಏನೆಂದರೆ, 9ನೇ ತರಗತಿಯ ಮಧ್ಯಾವಧಿ ಪರೀಕ್ಷೆ ಬಹುಮಟ್ಟಿಗೆ ಶಾಲೆಯ ಕೈಯಲ್ಲೇ ಇರುತ್ತದೆ. ಪ್ರಾಂಶುಪಾಲರು ಮನಸ್ಸು ಮಾಡಿದರೆ ಸಾಕು. ಹಾಗಾಗಿ ಹಕ್ಕು ಚಲಾಯಿಸುವ ಧಾಟಿ ಬೇಡ. ಅವರಿಗೆ ಸಹಿ ಹಾಕಲು ಸುಲಭವಾಗುವ ಹಾಗೆ ಬರೆಯಿರಿ.

---

ಪಿ.ಟಿ. ಮೇಷ್ಟ್ರು

ಸರ್, ಮೊದಲು ಒಂದು ಪ್ರಶ್ನೆ. ಇದು ಯಾರ ಕೂಟ? ಶಿಕ್ಷಣ ಇಲಾಖೆಯದಾ, ಅಥ್ಲೆಟಿಕ್ಸ್ ಸಂಸ್ಥೆಯದಾ?

ಇಲಾಖೆಯದ್ದಾದರೆ ಮಗು ತಾಲ್ಲೂಕು, ಜಿಲ್ಲೆ ದಾಟಿ ಬಂದಿರುತ್ತಾಳೆ, ಶಾಲೆಯೇ ಕಳಿಸಿರುತ್ತದೆ. ಶಾಲೆಗೇ ಆದೇಶ ಬರುತ್ತದೆ, ಜೊತೆಗೆ ಶಿಕ್ಷಕರು ಹೋಗುತ್ತಾರೆ. ನಿಮ್ಮ ಪತ್ರದ ಅಗತ್ಯವೇ ಅಷ್ಟಾಗಿ ಇರುವುದಿಲ್ಲ. 600 ಮೀಟರ್ ಅಂದಿದ್ದಕ್ಕೆ ಅನುಮಾನ ಬಂತು. ಅದು ಸಾಮಾನ್ಯವಾಗಿ ಸಂಸ್ಥೆಯ ಕೂಟದಲ್ಲಿ 16 ವರ್ಷದೊಳಗಿನವರಿಗೆ ಇರುವ ಓಟ.

---

ಓಟಗಾರ್ತಿಯ ಅಪ್ಪ

ಹೌದು ಸರ್, ಸಂಸ್ಥೆಯದ್ದೇ. ಜಿಲ್ಲಾ ಕ್ರೀಡಾಂಗಣದ ಕೋಚ್ ಎಂಟ್ರಿ ಹಾಕಿಸಿದ್ದು. ಶಾಲೆಗೆ ಇದರ ವಿಷಯ ಗೊತ್ತೇ ಇಲ್ಲ. ಅದಕ್ಕೇ ಪತ್ರ.

---

ಪಿ.ಟಿ. ಮೇಷ್ಟ್ರು

ಹಾಗಿದ್ದರೆ ಇಡೀ ಪತ್ರ ಬೇರೆ ಆಗಬೇಕು.

ಪ್ರಾಂಶುಪಾಲರ ಜಾಗದಲ್ಲಿ ಕೂತು ನೋಡಿ. ಅವರ ಮೇಜಿನ ಮೇಲೆ ಇಲಾಖೆಯ ಆದೇಶ ಇಲ್ಲ. ಶಾಲೆ ಕಳಿಸಿದ್ದಲ್ಲ. "ರಾಜ್ಯಕ್ಕೆ ಆಯ್ಕೆಯಾಗಿದ್ದಾಳೆ" ಅಂತ ನೀವು ಹೇಳುತ್ತಿದ್ದೀರಿ, ಅಷ್ಟೇ. ನಾಳೆ ಯಾರಾದರೂ ಬಂದು "ಪರೀಕ್ಷೆ ದಿನ ಈ ಹುಡುಗಿಗೆ ಹಾಜರಿ ಹೇಗೆ ಕೊಟ್ಟಿರಿ" ಅಂತ ಕೇಳಿದರೆ ತೋರಿಸಲು ಅವರ ಹತ್ತಿರ ಏನಿದೆ? ಆ ಕಾಗದವನ್ನು ನೀವು ಕೊಡಬೇಕು. ಜಿಲ್ಲಾ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ, ಹುಡುಗಿಯ ಹೆಸರು, ಹುಟ್ಟಿದ ದಿನಾಂಕ, ಸ್ಪರ್ಧೆ, ಕೂಟದ ದಿನಗಳು, ಹಾಜರಾಗಬೇಕಾದ ಹೊತ್ತು, ಇವಿಷ್ಟು ಇರುವ ಒಂದು ಪತ್ರ. ಕೋಚ್ ಹತ್ತಿರ ಕೇಳಿ, ಕಾರ್ಯದರ್ಶಿ ಸಹಿ ಹಾಕಿ ಕೊಡುತ್ತಾರೆ. ವಾಟ್ಸಾಪ್‌ನಲ್ಲಿ ಬಂದ ಪಟ್ಟಿಯ ಫೋಟೋ ಸಾಲದು.

ಇನ್ನೊಂದು. "ಆಯ್ಕೆಯಾಗಿದ್ದಾಳೆ" ಅನ್ನಬೇಡಿ. ಅವಳು ಆಯ್ಕೆ ಕೂಟದಲ್ಲಿ ಓಡಲು ಹೋಗುತ್ತಿದ್ದಾಳೆ. ರಾಜ್ಯ ತಂಡಕ್ಕೆ ಆಯ್ಕೆ ಆಗುವುದು ಅದಾದ ಮೇಲೆ. ಎರಡನ್ನೂ ಒಂದೇ ಮಾಡಿದರೆ, ನಿಜವಾಗಿ ಆಯ್ಕೆಯಾಗಿ ರಾಷ್ಟ್ರೀಯ ಕೂಟಕ್ಕೆ ರಜೆ ಕೇಳಲು ಹೋದಾಗ "ಆಗಲೇ ಕೊಟ್ಟಿದ್ದೆವಲ್ಲಾ" ಅನ್ನುತ್ತಾರೆ.

---

ಹಾಸ್ಟೆಲ್ ಹುಡುಕಾಟ

ನನ್ನ ಮಗನೂ ಓಡುತ್ತಾನೆ, 7ನೇ ತರಗತಿ. ಕ್ರೀಡಾ ಹಾಸ್ಟೆಲ್‌ಗೆ ಸೇರಿಸಬೇಕು ಅಂತಿದ್ದೇವೆ. ಪ್ರಾಂಶುಪಾಲರು ವರ್ಷದ ಮಧ್ಯೆ ಟಿಸಿ ಕೊಡುವುದಿಲ್ಲ ಅಂತಾರೆ. ನೀವು ಟಿಸಿಗೆ ಹೇಗೆ ಬರೆದಿರಿ? ಆ ಪತ್ರ ಸ್ವಲ್ಪ ಹಾಕಿ.

---

ನಿವೃತ್ತ ಮುಖ್ಯ ಶಿಕ್ಷಕಿ

ಅವರು ಟಿಸಿ ಕೇಳುತ್ತಿಲ್ಲಪ್ಪಾ, ಮೂರು ದಿನ ಕೇಳುತ್ತಿದ್ದಾರೆ. ನಿಮ್ಮದಕ್ಕೆ ಬೇರೆ ಪ್ರಶ್ನೆ ಹಾಕಿ, ಅಲ್ಲಿ ಮಾತಾಡೋಣ. ಹಾಸ್ಟೆಲ್ ಸೀಟು ಖಚಿತ ಆಗುವ ತನಕ ಟಿಸಿಗೆ ಕೈ ಹಾಕಬೇಡಿ, ಇಷ್ಟು ಮಾತ್ರ ಈಗ ಹೇಳುತ್ತೇನೆ.

ಓಟಗಾರ್ತಿಯ ಅಪ್ಪನಿಗೆ: ಮೇಷ್ಟ್ರು ಹೇಳಿದ್ದು ಸರಿ. ನಾನು ಇದಕ್ಕೆ ಸೇರಿಸುವುದು ಒಂದೇ. ನಿಮ್ಮ ಪತ್ರದಲ್ಲಿರುವ "ಕೆಲವು ದಿನಗಳ ರಜೆ" ಮತ್ತು "ಎಲ್ಲ ರೀತಿಯ ಸಹಕಾರ" ಇವೆರಡೂ ಬೇಡ. ಇಂಥ ಪತ್ರ ನನ್ನ ಮೇಜಿಗೆ ಎಷ್ಟೋ ಬಂದಿವೆ. "ಸರಿ, ನೋಡೋಣ" ಅಂತ ಬರೆದು ಕಡತಕ್ಕೆ ಹಾಕುವುದು ಬಿಟ್ಟು ಬೇರೆ ಏನೂ ಮಾಡಲು ಬರುವುದಿಲ್ಲ. ಏನು ಕೇಳುತ್ತಿದ್ದಾರೆ ಅಂತಲೇ ಗೊತ್ತಾಗುವುದಿಲ್ಲವಲ್ಲ.

ರಜೆ ಬೇರೆ, ಹಾಜರಿ ಬೇರೆ. ರಜೆ ಕೇಳಿದರೆ ರಜೆ ಕೊಡುತ್ತಾರೆ, ರಿಜಿಸ್ಟರ್‌ನಲ್ಲಿ ಗೈರು ಎಂದೇ ಬೀಳುತ್ತದೆ. ನಿಮಗೆ ಬೇಕಿರುವುದು ಆ ದಿನಗಳನ್ನು ಕ್ರೀಡೆಗಾಗಿ ಹೋದ ದಿನ, ಅಂದರೆ ಆನ್ ಡ್ಯೂಟಿ, ಚಿಕ್ಕದಾಗಿ ಓಡಿ ಎಂದು ಗುರುತಿಸುವುದು. ಮುಂದಿನ ವರ್ಷ 10ನೇ ತರಗತಿ. ಆಗ ಜ್ವರ ಬಂತು, ಮದುವೆ ಬಂತು, ಜೊತೆಗೆ ಎರಡು ಮೂರು ಕೂಟ ಬಂದವು ಅಂದರೆ ಹಾಜರಾತಿ ಕೆಳಗೆ ಇಳಿಯುವುದು ಗೊತ್ತೇ ಆಗುವುದಿಲ್ಲ. ಈ ವರ್ಷವೇ ಓಡಿ ಹಾಕುವ ರೂಢಿ ಮಾಡಿಸಿಕೊಂಡರೆ ಮುಂದಿನ ವರ್ಷ ಹೊಸದಾಗಿ ವಾದ ಮಾಡಬೇಕಾಗಿಲ್ಲ.

ಆಮೇಲೆ ಪರೀಕ್ಷೆ. "ಮುಂದೂಡಿ" ಅಂತ ಕೇಳಬೇಡಿ. ಒಬ್ಬಳಿಗಾಗಿ ವೇಳಾಪಟ್ಟಿ ಬದಲಾಗುವುದಿಲ್ಲ. ಮೂರು ವಿಷಯಕ್ಕೆ ಬೇರೆ ದಿನ ಪರೀಕ್ಷೆ ಕೇಳಿ, ದಿನವನ್ನೂ ನೀವೇ ಸೂಚಿಸಿ. ಪ್ರಶ್ನೆಪತ್ರಿಕೆ ಹೊರಗಿಂದ ಬಂದಿದ್ದರೆ ಅದೇ ಪತ್ರಿಕೆ ಮತ್ತೆ ಕೊಡುವ ಹಾಗಿಲ್ಲ, ವಿಷಯ ಶಿಕ್ಷಕರು ಹೊಸದು ತೆಗೆಯಬೇಕು. ಅದು ಅವರಿಗೆ ಹೆಚ್ಚಿನ ಕೆಲಸ. ಹಾಗಾಗಿ ಪತ್ರ ಕೊಡುವ ಮೊದಲು ಆ ಮೂರು ಶಿಕ್ಷಕರನ್ನು ಮಾತಾಡಿಸಿ. ಪ್ರಾಂಶುಪಾಲರು ಅವರನ್ನು ಕರೆದು ಕೇಳಿದಾಗ "ಹೌದು, ಪೋಷಕರು ಹೇಳಿದ್ದರು, ಮಾಡಬಹುದು" ಅಂದರೆ ಅರ್ಧ ಕೆಲಸ ಮುಗಿದ ಹಾಗೆ.

---

ಓಟಗಾರ್ತಿಯ ಅಪ್ಪ

ಮೇಡಂ, ತುಂಬಾ ಉಪಕಾರ. ಸಹಕಾರ ಅಂತ ಬರೆದಾಗ ನನ್ನ ಮನಸ್ಸಲ್ಲಿ ಇದ್ದದ್ದು ಅಭ್ಯಾಸ. ಈಗ ಬೆಳಿಗ್ಗೆ ಶಾಲೆಯ ಮೈದಾನದಲ್ಲೇ ಓಡುತ್ತಾಳೆ. ಸಂಜೆ ಶಾಲೆ ಬಿಟ್ಟು ಕ್ರೀಡಾಂಗಣ ಮುಟ್ಟುವಷ್ಟರಲ್ಲಿ ಕತ್ತಲು. ಮಧ್ಯಾಹ್ನ ಬೇಗ ಬಿಡಿ ಅಂತ ಕೇಳಬಹುದಾ? ಜಾಸ್ತಿ ಆಯಿತು ಅನ್ನಿಸುತ್ತದಾ?

---

ಪಿ.ಟಿ. ಮೇಷ್ಟ್ರು

ಕೇಳಿ. ಆದರೆ ಯಾಕೆ ಅನ್ನುವುದನ್ನು ಒಂದು ಸಾಲಿನಲ್ಲಿ ಬರೆಯಿರಿ.

ನಿಮ್ಮ ಶಾಲೆ ಮೈದಾನ ಎಷ್ಟು ದೊಡ್ಡದು? ಹೆಚ್ಚಿನ ಶಾಲೆಗಳಲ್ಲಿ ಸುಣ್ಣ ಹಾಕಿದರೆ 200 ಮೀಟರ್ ಸುತ್ತು. ಅಲ್ಲಿ 600 ಓಡಲು ಮೂರು ಸುತ್ತು, ಅಂದರೆ ಆರು ತಿರುವು, ಎಲ್ಲವೂ ಬಿಗಿಯಾದ ತಿರುವು. 400 ಮೀಟರ್ ಟ್ರ್ಯಾಕ್‌ನಲ್ಲಿ ಒಂದೂವರೆ ಸುತ್ತು, ಮೂರೇ ತಿರುವು, ಅವೂ ಅಗಲ. ಮಣ್ಣಿನಲ್ಲಿ ಓಡಿದ ಹುಡುಗಿಯರು ಸಿಂಥೆಟಿಕ್ ಮೇಲೆ ಮೊದಲ ಸಲ ನಿಂತಾಗ ಆಗುವುದೇ ಇದು. ಕಾಲಡಿ ಪುಟಿಯುತ್ತದೆ, ತಿರುವು ಸಲೀಸಾಗಿ ಹೋಗುತ್ತದೆ, ಮೊದಲ 200 ಸುಲಭ ಅನ್ನಿಸಿ ಜೋರಾಗಿ ಹೋಗಿಬಿಡುತ್ತಾರೆ. ಕೊನೆಯ 150 ಮೀಟರ್‌ನಲ್ಲಿ ಕಾಲು ಎತ್ತಲು ಆಗುವುದಿಲ್ಲ. ದಮ್ಮು ಸಾಲದೆ ಅಲ್ಲ, ವೇಗದ ಅಳತೆ ಸಿಕ್ಕಿಲ್ಲ ಅಂತ.

ಅದಕ್ಕೇ ಕೂಟಕ್ಕೆ ಮೊದಲು ಕೆಲವು ಸಲ ಸಿಂಥೆಟಿಕ್ ಮೇಲೆ ಸ್ಪೈಕ್ಸ್ ಹಾಕಿ ಓಡಿಸಬೇಕು. ಸ್ಪೈಕ್ಸ್‌ನ ಮೊಳೆಯೂ ಅಷ್ಟೇ. ಮಣ್ಣಿಗೆ ಹಾಕುವ ಉದ್ದ ಮೊಳೆ ಹಾಕಿಕೊಂಡು ಹೋದರೆ ಸಿಂಥೆಟಿಕ್ ಟ್ರ್ಯಾಕ್‌ಗೆ ಬಿಡುವುದಿಲ್ಲ. ನಿಯಮದಲ್ಲಿ 9 ಮಿ.ಮೀ. ಮೀರಬಾರದು, ಎಷ್ಟೋ ಕ್ರೀಡಾಂಗಣದವರು ಅದಕ್ಕಿಂತ ಚಿಕ್ಕದೇ ಕೇಳುತ್ತಾರೆ.

ದಿನಾ ಬೇಗ ಬಿಡಿ ಅನ್ನಬೇಡಿ. ಕೂಟದ ವಾರಕ್ಕೆ ಮುಂಚಿನ ಎರಡು ವಾರ, ವಾರಕ್ಕೆ ಎರಡು ದಿನ, ಕೊನೆಯ ಎರಡು ಪಿರಿಯಡ್ ಅಂತ ಕೇಳಿ. ಕೂಟದ ವಾರ ಹೇಗೂ ಅಭ್ಯಾಸ ಇಳಿಸಬೇಕು, ಆ ವಾರಕ್ಕೆ ಏನೂ ಕೇಳುವುದು ಬೇಡ.

---

ಹಳೆಯ 800 ಮೀ.

ನಾನು ಶಾಲೆಯಲ್ಲಿದ್ದಾಗ ಇಂಥ ಕೂಟಗಳಿಗೆ ಹೋದವಳು. ಯಾರೂ ಹೇಳದ ಒಂದು ಮಾತು ಹೇಳುತ್ತೇನೆ. ಸಂಸ್ಥೆಯ ಕೂಟಕ್ಕೆ ಶಾಲೆಯಿಂದ ಯಾರೂ ಬರುವುದಿಲ್ಲ. ತಂಡದ ಜೊತೆ ಮಹಿಳಾ ಮ್ಯಾನೇಜರ್ ಇದ್ದಾರಾ, ರಾತ್ರಿ ಎಲ್ಲಿ ಉಳಿಯುವುದು, ಇದನ್ನು ಕೋಚ್ ಹತ್ತಿರ ಈಗಲೇ ಕೇಳಿ. ಇಲ್ಲದಿದ್ದರೆ ಅವಳ ಅಮ್ಮನೋ ಅತ್ತೆಯೋ ಜೊತೆಗೆ ಹೋಗಲಿ. "ಪೋಷಕರೇ ಕರೆದುಕೊಂಡು ಹೋಗುತ್ತೇವೆ, ಪ್ರಯಾಣದ ಜವಾಬ್ದಾರಿ ನಮ್ಮದು" ಅಂತ ಪತ್ರದಲ್ಲಿ ಬರೆದರೆ ಪ್ರಾಂಶುಪಾಲರ ದೊಡ್ಡ ಹೆದರಿಕೆ ಹೋಗುತ್ತದೆ. ಅವರು ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ "ದಾರಿಯಲ್ಲಿ ಏನಾದರೂ ಆದರೆ ಶಾಲೆ ಮೇಲೆ ಬರುತ್ತೆ" ಅನ್ನುವುದೇ ಅವರ ತಲೆಯಲ್ಲಿ ಇರುವುದು.

ಮುಟ್ಟಿನ ದಿನ ಕೂಟದಲ್ಲಿ ಬರಬಹುದಾ ಅಂತ ಅವಳ ಅಮ್ಮ ಈಗಲೇ ಮಾತಾಡಿಕೊಳ್ಳಲಿ. ಬಂತು ಅಂತ ಓಡಬಾರದು ಅಂತೇನಿಲ್ಲ. ಬೇಕಾದ್ದು ಚೀಲದಲ್ಲಿರಬೇಕು ಅಷ್ಟೇ. ಅದನ್ನು ತಪ್ಪಿಸಲು ಕೊನೇ ಗಳಿಗೆಯಲ್ಲಿ ಅಂಗಡಿಯಿಂದ ಮಾತ್ರೆ ತಂದು ಕೊಡುವುದು ಮಾತ್ರ ಬೇಡ.

---

ನಿವೃತ್ತ ಮುಖ್ಯ ಶಿಕ್ಷಕಿ

ಇನ್ನೊಂದು ಕಾಗದ ಮರೆಯಬಾರದು. 16 ವರ್ಷದೊಳಗಿನ ಕೂಟ ಅಂದರೆ ವಯಸ್ಸು ನೋಡುತ್ತಾರೆ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲಾತಿ ರಿಜಿಸ್ಟರ್, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ದಿನಾಂಕ ಒಂದೇ ಇದೆಯಾ? ಹೆಸರಿನ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದೆಯಾ? ಈಗ ಸಣ್ಣದು ಅನ್ನಿಸುತ್ತದೆ. ಆದರೆ ಶಾಲೆಯ ರಿಜಿಸ್ಟರ್‌ನಲ್ಲಿರುವುದೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೋಗುತ್ತದೆ. ಓಟದ ಪ್ರಮಾಣಪತ್ರದಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಆದರೆ ಮುಂದೆ ಕ್ರೀಡಾ ಕೋಟಾದಲ್ಲಿ ಸೀಟು ಕೇಳುವಾಗ ಅಫಿಡವಿಟ್ ಹಿಡಿದು ಅಲೆಯಬೇಕು. ಹಾಗಾಗಿ ಇದೇ ಪತ್ರದಲ್ಲಿ ಫೋಟೋ ಇರುವ ವ್ಯಾಸಂಗ ಪ್ರಮಾಣಪತ್ರವನ್ನೂ ಕೇಳಿ.

ಪತ್ರವನ್ನು ನಾನೇ ಒಮ್ಮೆ ಬರೆದು ನೋಡಿದೆ. ಬೇಕಾದ ಹಾಗೆ ತಿದ್ದಿಕೊಳ್ಳಿ.

> ವಿಷಯ: 9ನೇ ತರಗತಿ ವಿದ್ಯಾರ್ಥಿನಿಗೆ ರಾಜ್ಯ ಮಟ್ಟದ ಅಥ್ಲೆಟಿಕ್ಸ್ ಆಯ್ಕೆ ಕೂಟದ ಸಲುವಾಗಿ ಓಡಿ ಹಾಜರಾತಿ ಮತ್ತು ಮೂರು ವಿಷಯಗಳ ಬದಲಿ ಪರೀಕ್ಷೆ ಕೋರಿ.
>
> ಮಾನ್ಯರೇ,
>
> ನನ್ನ ಮಗಳು ತಮ್ಮ ಶಾಲೆಯ 9ನೇ ತರಗತಿಯಲ್ಲಿ ಓದುತ್ತಿದ್ದಾಳೆ. 16 ವರ್ಷದೊಳಗಿನ ಬಾಲಕಿಯರ 600 ಮೀ. ಓಟ ಮತ್ತು ಉದ್ದ ಜಿಗಿತದಲ್ಲಿ ನಮ್ಮ ಜಿಲ್ಲೆಯ ಪರವಾಗಿ ರಾಜ್ಯ ಮಟ್ಟದ ಆಯ್ಕೆ ಕೂಟದಲ್ಲಿ ಭಾಗವಹಿಸಲಿದ್ದಾಳೆ. ಕೂಟ ಶುಕ್ರವಾರದಿಂದ ಭಾನುವಾರದವರೆಗೆ ಇದ್ದು, ಗುರುವಾರ ಮಧ್ಯಾಹ್ನ ಅಲ್ಲಿ ಹಾಜರಿರಬೇಕು. ಜಿಲ್ಲಾ ಸಂಸ್ಥೆಯ ಪತ್ರವನ್ನು ಲಗತ್ತಿಸಿದ್ದೇನೆ.
>
> ಗುರುವಾರ, ಶುಕ್ರವಾರ ಮತ್ತು ಶನಿವಾರದ ಗೈರುಹಾಜರಿಯನ್ನು ಕ್ರೀಡೆಗಾಗಿ ಓಡಿ ಎಂದು ಪರಿಗಣಿಸಬೇಕಾಗಿ ಕೋರುತ್ತೇನೆ. ಭಾಗವಹಿಸಿದ ಪ್ರಮಾಣಪತ್ರವನ್ನು ಹಿಂದಿರುಗಿದ ಕೂಡಲೇ ಸಲ್ಲಿಸುತ್ತೇನೆ. ಆ ದಿನಗಳ ವಿಜ್ಞಾನ, ಗಣಿತ ಮತ್ತು ಹಿಂದಿ ಪರೀಕ್ಷೆಗಳನ್ನು ಮುಂದಿನ ವಾರ, ಉಳಿದ ಪರೀಕ್ಷೆಗಳು ಮುಗಿದ ನಂತರ, ತಮಗೆ ಅನುಕೂಲವಾದ ದಿನಗಳಲ್ಲಿ ಬರೆಯಲು ಅವಕಾಶ ಕೊಡಿ. ಸೋಮವಾರದ ಸಮಾಜ ವಿಜ್ಞಾನ ಪರೀಕ್ಷೆಗೆ ಅವಳು ಎಲ್ಲರ ಜೊತೆ ಹಾಜರಾಗುತ್ತಾಳೆ.
>
> ಕೂಟ ನಡೆಯುವುದು ಸಿಂಥೆಟಿಕ್ ಟ್ರ್ಯಾಕ್‌ನಲ್ಲಿ. ಅದರ ಅಭ್ಯಾಸಕ್ಕಾಗಿ ಪರೀಕ್ಷಾ ವಾರಕ್ಕೆ ಮುಂಚಿನ ಎರಡು ವಾರ, ಮಂಗಳವಾರ ಮತ್ತು ಗುರುವಾರ, ಕೊನೆಯ ಎರಡು ಅವಧಿಗಳಲ್ಲಿ ಅವಳನ್ನು ಕಳಿಸಿಕೊಡಬೇಕು. ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಕೂಟಕ್ಕೂ ಪೋಷಕರೇ ಜೊತೆಗಿರುತ್ತೇವೆ, ಪ್ರಯಾಣದ ಜವಾಬ್ದಾರಿ ನಮ್ಮದು. ಜೊತೆಗೆ ಭಾವಚಿತ್ರ ಸಹಿತ ವ್ಯಾಸಂಗ ಪ್ರಮಾಣಪತ್ರ ಕೊಡಿಸಿಕೊಡಬೇಕಾಗಿ ವಿನಂತಿ.
>
> ಈ ಕೂಟದಲ್ಲಿ ರಾಜ್ಯ ತಂಡಕ್ಕೆ ಆಯ್ಕೆಯಾದರೆ ಮುಂದಿನ ದಿನಾಂಕಗಳನ್ನು ಪ್ರತ್ಯೇಕವಾಗಿ ತಿಳಿಸುತ್ತೇನೆ.
>
> ವಂದನೆಗಳೊಂದಿಗೆ, ಪೋಷಕರು

ಹೆಮ್ಮೆ, ಕೀರ್ತಿ ಅನ್ನುವ ಮಾತು ಬೇಕಂತಲೇ ಹಾಕಿಲ್ಲ. ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದನ್ನು ಕಚೇರಿಯಲ್ಲಿ ಕೊಟ್ಟು, ಇನ್ನೊಂದರ ಮೇಲೆ ಇನ್‌ವರ್ಡ್ ನಂಬರ್, ದಿನಾಂಕ, ಸೀಲು ಹಾಕಿಸಿಕೊಳ್ಳಿ. ಬಾಯಿ ಮಾತಿನ ಒಪ್ಪಿಗೆ ತರಗತಿ ಶಿಕ್ಷಕರ ರಿಜಿಸ್ಟರ್‌ವರೆಗೆ ಹೋಗುವುದಿಲ್ಲ.

---

ಪಿ.ಟಿ. ಮೇಷ್ಟ್ರು

ಪತ್ರ ಚೆನ್ನಾಗಿದೆ ಮೇಡಂ. ಆದರೆ ಸೋಮವಾರದ ಮಾತು ನನಗೆ ಒಪ್ಪಿಗೆ ಇಲ್ಲ. ಉದ್ದ ಜಿಗಿತ ಭಾನುವಾರ ಮಧ್ಯಾಹ್ನಕ್ಕೆ ಬಿತ್ತು ಅಂದರೆ ಅವರು ಹೊರಡುವುದೇ ಸಂಜೆ. ಮಳೆ ಬಂದರೆ ವೇಳಾಪಟ್ಟಿ ಇನ್ನೂ ಜಾರುತ್ತದೆ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಳಿಗ್ಗೆ ಪರೀಕ್ಷೆ ಬರೆಯಲು ಆಗುತ್ತದಾ? ಸೋಮವಾರವನ್ನೂ ಕೇಳಿಬಿಡಿ.

---

ನಿವೃತ್ತ ಮುಖ್ಯ ಶಿಕ್ಷಕಿ

ಗೊತ್ತು ಮೇಷ್ಟ್ರೇ. ಆದರೆ ನಾಲ್ಕೂ ಕೇಳಿದರೆ "ಪರೀಕ್ಷೆಯೇ ಬೇಡ ಅನ್ನುತ್ತಿದ್ದಾರೆ" ಅನ್ನಿಸುತ್ತದೆ. ಒಂದನ್ನು ಎಲ್ಲರ ಜೊತೆ ಬರೆಯುತ್ತಾಳೆ ಅಂದರೆ ಉಳಿದ ಮೂರಕ್ಕೆ ತೂಕ ಬರುತ್ತದೆ. ಕೂತು ಬರೆಯುವುದು ತಾನೇ, ಓಡುವುದಲ್ಲವಲ್ಲ.

---

ಹಳೆಯ 800 ಮೀ.

ನಾನು ಮೇಷ್ಟ್ರ ಕಡೆ. ರಾತ್ರಿ ಬಸ್ಸಿನ ಮೇಲೆ ಸಮಾಜ ಬರೆದವಳು ನಾನು, ಮೊಘಲರ ಉತ್ತರದಲ್ಲಿ ಮರಾಠರು ಬಂದಿದ್ದರು 😄

ನಡುವಿನ ದಾರಿ ಒಂದಿದೆ. "ಭಾನುವಾರದ ಸ್ಪರ್ಧೆ ತಡವಾದರೆ ಅಂದೇ ಸಂಜೆ ಫೋನ್ ಮಾಡಿ ತಿಳಿಸುತ್ತೇನೆ" ಅಂತ ಒಂದು ಸಾಲು ಸೇರಿಸಿ.

---

ಸಿಬಿಎಸ್‌ಇ ಅಮ್ಮ

ಅಲ್ಲ, ಎರಡು ಸ್ಪರ್ಧೆ ಯಾಕೆ? ಉದ್ದ ಜಿಗಿತ ಬಿಟ್ಟರೆ 600 ಮುಗಿಸಿ ಶನಿವಾರವೇ ಹೊರಡಬಹುದಲ್ಲಾ?

---

ಓಟಗಾರ್ತಿಯ ಅಪ್ಪ

ಅವಳನ್ನು ಕೇಳಿದರೆ 600 ಬೇಕಾದರೆ ಬಿಡುತ್ತಾಳೆ, ಜಿಗಿತ ಬಿಡುವುದಿಲ್ಲ ಮೇಡಂ.

ಇವತ್ತು ಪತ್ರ ಕೊಟ್ಟು ಬಂದೆ. ಫೋನ್ ಮಾಡುವ ಸಾಲು ಸೇರಿಸಿದ್ದೇನೆ. ಜಿಲ್ಲಾ ಸಂಸ್ಥೆಯ ಪತ್ರ ನೋಡಿ ಪ್ರಾಂಶುಪಾಲರು ಓಡಿಗೆ ಅಲ್ಲೇ ಬರೆದು ಸಹಿ ಹಾಕಿದರು. ಮಂಗಳವಾರ, ಗುರುವಾರ ಬೇಗ ಕಳಿಸಲು ಒಪ್ಪಿದರು, ಆದರೆ ಗುರುವಾರದ ಕೊನೆಯ ಪಿರಿಯಡ್ ಗಣಿತವಂತೆ, ಬದಲಿಗೆ ಬುಧವಾರ ಮಾಡಿಕೊಳ್ಳಿ ಅಂದರು. ವಿಜ್ಞಾನ ಮತ್ತು ಹಿಂದಿ ಶಿಕ್ಷಕರು ಹೊಸ ಪತ್ರಿಕೆ ತೆಗೆಯುತ್ತಾರೆ. ಗಣಿತ ಮೇಡಂ ಮಾತ್ರ ಈ ಪರೀಕ್ಷೆಯ ಬದಲು ಮುಂದಿನ ಕಿರುಪರೀಕ್ಷೆಯ ಅಂಕವನ್ನೇ ಇದಕ್ಕೂ ಹಾಕಿದರೆ ಹೇಗೆ ಅಂತ ಕೇಳಿದ್ದಾರೆ. ಪ್ರಾಂಶುಪಾಲರು ಯೋಚಿಸಿ ಹೇಳುತ್ತೇನೆ ಅಂದಿದ್ದಾರೆ.

ರಿಜಿಸ್ಟರ್‌ನಲ್ಲಿ ಅವಳ ಇನಿಷಿಯಲ್ ನಿಜವಾಗಲೂ ಬೇರೆ ಇದೆ. ತಿದ್ದಲು ಏನು ಮಾಡಬೇಕು?

---

ನಿವೃತ್ತ ಮುಖ್ಯ ಶಿಕ್ಷಕಿ

ಗಣಿತಕ್ಕೆ ಹಾಗೆ ಒಪ್ಪಬೇಡಿ. ಕಿರುಪರೀಕ್ಷೆಯ ಪಾಠ ಬೇರೆ, ಅಂಕದ ಲೆಕ್ಕ ಬೇರೆ. ಅದು ಕೆಟ್ಟರೆ ಎರಡೂ ಕಡೆ ಹೊಡೆತ. ಮೇಡಂಗೆ ಕೆಲಸ ಹೆಚ್ಚಾಗುತ್ತದೆ ಅನ್ನುವುದೇ ಕಾರಣವಾದರೆ, ಬೇರೆ ವಿಭಾಗದ ಗಣಿತ ಶಿಕ್ಷಕರ ಹಳೆಯ ಪತ್ರಿಕೆ ಕೊಟ್ಟರೂ ಸಾಕು ಅಂತ ಹೇಳಿ ನೋಡಿ.

ಇನಿಷಿಯಲ್‌ಗೆ ಜನನ ಪ್ರಮಾಣಪತ್ರದ ಪ್ರತಿ ಇಟ್ಟು ಬೇರೆಯೇ ಅರ್ಜಿ ಕೊಡಿ. ಈ ಪತ್ರದ ಜೊತೆ ಸೇರಿಸಬೇಡಿ. 10ನೇ ತರಗತಿ ನೋಂದಣಿಗೆ ಹೆಸರು ಹೋಗುವ ಮೊದಲು ಆಗಬೇಕು, ಅದಕ್ಕೆ ಇನ್ನೂ ಸಮಯ ಇದೆ. ಕೂಟಕ್ಕೆ ಜನನ ಪ್ರಮಾಣಪತ್ರದಲ್ಲಿ ಇರುವ ಹಾಗೇ ಹೆಸರು ಕೊಟ್ಟಿದ್ದೀರಾ ಅಂತ ಕೋಚ್ ಹತ್ತಿರ ಇವತ್ತೇ ನೋಡಿಕೊಳ್ಳಿ.

---

ಹಾಸ್ಟೆಲ್ ಹುಡುಕಾಟ

ಮೇಡಂ, ನನ್ನ ಮಗನ ಆಧಾರ್‌ನಲ್ಲೂ ಇನಿಷಿಯಲ್ ಇಲ್ಲವೇ ಇಲ್ಲ. ಹಾಸ್ಟೆಲ್ ಆಯ್ಕೆಗೆ ತೊಂದರೆ ಆಗುತ್ತದಾ?

---

ಪಿ.ಟಿ. ಮೇಷ್ಟ್ರು

ಹೊಸ ಪ್ರಶ್ನೆ ಹಾಕಿ ಸ್ವಾಮಿ, ಅಲ್ಲಿಗೆ ಬರುತ್ತೇನೆ. ಓಟಗಾರ್ತಿಯ ಅಪ್ಪ, ಸ್ಪೈಕ್ಸ್ ಹೊಸದು ತರುವುದಿದ್ದರೆ ಈ ವಾರವೇ ತನ್ನಿ. ಕೂಟದ ದಿನ ಹೊಸ ಜೋಡಿ ಹಾಕಿಸಿದರೆ ಹಿಮ್ಮಡಿ ಕಿತ್ತು ಹೋಗುತ್ತದೆ.